ಗುಂಟೆ ಗುಂಟೆಯಾಗಿ ಮಾರುವ ಹೊಲ

"ಐವತ್ತು ಲಕ್ಷ ಹಾಕಿ, ತಿಂಗಳಿಗೆ ಐವತ್ತು ಸಾವಿರ ತಗೊಳ್ಳಿ, ಅಸಲು ಹಾಗೇ ಇರುತ್ತೆ." ಈ ಧಾಟಿಯ ರೀಲ್‌ಗಳನ್ನ ನಾವೆಲ್ಲ ನೋಡಿದ್ದೀವಿ. ಸ್ಕ್ರೋಲ್ ಮಾಡಿ ಮುಂದೆ ಹೋಗ್ತೀವಿ, ಯಾಕಂದ್ರೆ ನಮ್ಮ ಹತ್ರ ಐವತ್ತು ಲಕ್ಷ ಇಲ್ಲ. ಮೆಸ್ ಬಿಲ್ ಕಟ್ಟಿದ ಮೇಲೆ ಐನೂರು ಉಳಿದರೆ ಅದೇ ಹಬ್ಬ. ಆದರೆ ನಮ್ಮ ಅಪ್ಪ ಅಮ್ಮಂದಿರು ಮುಂದೆ ಹೋಗಲ್ಲ. ಅವರು ನಿಂತು ನೋಡ್ತಾರೆ. ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ನಾವು ಡಿಗ್ರಿ ಮುಗಿಸೋ ಹೊತ್ತಿಗೆ, ಇಲ್ಲ ಅದಾಗಿ ಐದಾರು ವರ್ಷದಲ್ಲಿ, ಒಬ್ಬರು ನಿವೃತ್ತರಾಗ್ತಾರೆ. ಪಿಎಫ್, ಗ್ರಾಚುಯಿಟಿ, ಊರಲ್ಲಿ ಒಂದು ಸೈಟ್ ಮಾರಿದ ದುಡ್ಡು, ಎಲ್ಲ ಸೇರಿ ಜೀವನದಲ್ಲಿ ಒಂದೇ ಒಂದು ಸಲ ಕೈಗೆ ಬರುವ ಇಡುಗಂಟು ಅದು. ಆಗ ಫೋನ್ ನಮಗೇ ಬರುತ್ತೆ: "ನೋಡೋ, ಇದರಲ್ಲಿ ಹಾಕಬಹುದಾ? ನೀನು ಕಂಪ್ಯೂಟರ್ ಓದ್ತಿದ್ದೀಯಲ್ಲ." ಕಂಪ್ಯೂಟರ್‌ಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಆ್ಯಪ್ ಹಾಕಿಕೊಡುವವರು ನಾವು, ಒಟಿಪಿ ಓದಿ ಹೇಳುವವರು ನಾವು, ಹಾಗಾಗಿ ತೀರ್ಪು ಕೊಡಬೇಕಾದವರೂ ನಾವೇ.

ಅದಕ್ಕೇ ಈ ಬರಹ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಮ್ಯೂಚುವಲ್ ಫಂಡ್‌ನಿಂದ ತಿಂಗಳಿಗಿಷ್ಟು ಅಂತ ದುಡ್ಡು ತೆಗೆಯುವ ಈ ಸಿಸ್ಟಮ್ಯಾಟಿಕ್ ವಿತ್‌ಡ್ರಾವಲ್ ಪ್ಲಾನ್, ಚಿಕ್ಕದಾಗಿ ಎಸ್‌ಡಬ್ಲ್ಯೂಪಿ, ಕೆಟ್ಟ ಉಪಕರಣ ಅಲ್ಲ. ಆದರೆ ಅದನ್ನ 'ತಿಂಗಳ ಆದಾಯ' ಅಂತ ಕರೆದು ಮಾರೋದು ಮೋಸಕ್ಕೆ ಬಹಳ ಹತ್ತಿರದ ಕೆಲಸ.

ಯಾಕೆ ಅಂತ ತಿಳಿಯೋಕೆ ಅದು ಒಳಗೆ ಹೇಗೆ ನಡೆಯುತ್ತೆ ಅಂತ ನೋಡಬೇಕು. ಫಂಡ್‌ನಲ್ಲಿ ನೀವು ದುಡ್ಡು ಹಾಕಿದಾಗ ಆ ದಿನದ ಎನ್‌ಎವಿ, ಅಂದ್ರೆ ಒಂದು ಯೂನಿಟ್‌ನ ಬೆಲೆ, ಎಷ್ಟಿದೆಯೋ ಅದರ ಲೆಕ್ಕದಲ್ಲಿ ಯೂನಿಟ್‌ಗಳು ಸಿಗುತ್ತವೆ. ಎಸ್‌ಡಬ್ಲ್ಯೂಪಿ ಹಾಕುವಾಗ ನೀವು ಹೇಳೋದು ಎರಡೇ: ಎಷ್ಟು ರೂಪಾಯಿ, ಯಾವ ತಾರೀಖು. ಆ ತಾರೀಖು ಬಂದಾಗ ಫಂಡ್ ಕಂಪನಿ ಅವತ್ತಿನ ಎನ್‌ಎವಿ ನೋಡಿ, ನಿಮಗೆ ಬೇಕಾದ ರೂಪಾಯಿಗೆ ಎಷ್ಟು ಯೂನಿಟ್ ಮಾರಬೇಕೋ ಅಷ್ಟು ಮಾರಿ ದುಡ್ಡನ್ನ ಬ್ಯಾಂಕ್ ಖಾತೆಗೆ ಹಾಕುತ್ತೆ. ಅಷ್ಟೇ. ಇಲ್ಲಿ ಬಡ್ಡಿ ಅಂತ ಏನೂ ಇಲ್ಲ. ನಿಮ್ಮದೇ ಯೂನಿಟ್, ನಿಮಗೇ ಗೊತ್ತಿಲ್ಲದ ಸಂಖ್ಯೆಯಲ್ಲಿ, ಪ್ರತಿ ತಿಂಗಳು ಮಾರಾಟ ಆಗುತ್ತೆ.

ಹೊಲದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥ ಆಗುತ್ತೆ. ಎಫ್‌ಡಿ ಬಡ್ಡಿ ಅಂದ್ರೆ ಹೊಲವನ್ನ ಗುತ್ತಿಗೆಗೆ ಕೊಟ್ಟು ವರ್ಷಕ್ಕಿಷ್ಟು ಅಂತ ತಗೊಂಡ ಹಾಗೆ. ಹೊಲ ನಿಮ್ಮ ಹೆಸರಲ್ಲೇ ಇರುತ್ತೆ. ಎಸ್‌ಡಬ್ಲ್ಯೂಪಿ ಅಂದ್ರೆ ಎರಡು ಎಕರೆ ಹೊಲ ಇಟ್ಟುಕೊಂಡು, ಮನೆ ಖರ್ಚಿಗೆ ಗುಂಟೆ ಗುಂಟೆಯಾಗಿ ಮಾರುತ್ತಾ ಹೋದ ಹಾಗೆ. ಎಂಬತ್ತು ಗುಂಟೆ ಇದೆ. ರೇಟು ಏರುತ್ತಾ ಹೋದರೆ ಪರವಾಗಿಲ್ಲ, ಪ್ರತಿ ವರ್ಷ ಮಾರಬೇಕಾದ ಗುಂಟೆ ಕಮ್ಮಿ ಆಗುತ್ತೆ, ಉಳಿದ ಹೊಲದ ಬೆಲೆ ಜಾಸ್ತಿ ಆಗುತ್ತೆ. ರೇಟು ಅರ್ಧಕ್ಕೆ ಬಿದ್ದ ವರ್ಷ? ಖರ್ಚು ಅರ್ಧ ಆಗಲ್ಲವಲ್ಲ. ಅದೇ ಖರ್ಚಿಗೆ ಎರಡರಷ್ಟು ಗುಂಟೆ ಹೋಗುತ್ತೆ. ಮುಂದೆ ರೇಟು ಮತ್ತೆ ಏರಿದಾಗ, ಹೋದ ಗುಂಟೆಗಳು ಬೇರೆಯವರ ಹೆಸರಲ್ಲಿ ಏರುತ್ತವೆ.

ನಾವು ಪ್ರತಿ ತಿಂಗಳು ಎಸ್‌ಐಪಿ ಹಾಕುವವರ ಬಗ್ಗೆ ಕೇಳಿದ್ದೀವಲ್ಲ: ಮಾರುಕಟ್ಟೆ ಬಿದ್ದಾಗ ಅದೇ ದುಡ್ಡಿಗೆ ಹೆಚ್ಚು ಯೂನಿಟ್ ಸಿಗುತ್ತೆ, ಒಳ್ಳೇದೇ ಆಯ್ತು ಅಂತಾರೆ. ಎಸ್‌ಡಬ್ಲ್ಯೂಪಿ ಅದನ್ನೇ ತಲೆಕೆಳಗೆ ಮಾಡಿದ್ದು. ಬಿದ್ದಾಗ ಹೆಚ್ಚು ಯೂನಿಟ್ ಕಳ್ಕೊಳ್ತೀವಿ. ಎಸ್‌ಐಪಿಯಲ್ಲಿ ಯಾವುದು ನಮ್ಮ ಪರವಾಗಿ ಕೆಲಸ ಮಾಡಿತ್ತೋ ಅದೇ ಇಲ್ಲಿ ನಮ್ಮ ವಿರುದ್ಧ ತಿರುಗುತ್ತೆ. ಸಿಗ್ನಲ್ಸ್ ಕ್ಲಾಸಲ್ಲಿ ಚಿಹ್ನೆ ಬದಲಾದರೆ ಏನಾಗುತ್ತೆ ಅಂತ ಗೊತ್ತಿರೋ ನಮಗೆ ಇದು ಕಷ್ಟ ಆಗಬಾರದು.

ಬಾಯಿ ಮಾತು ಸಾಕು, ನಿಜವಾದ ಅಂಕಿ ತಗೊಳ್ಳೋಣ. 2007ರ ಕೊನೆಯ ವಹಿವಾಟಿನ ದಿನ ನಿಫ್ಟಿ 6138.60ರಲ್ಲಿ ಮುಗಿದಿತ್ತು. 2008ರ ಕೊನೆಗೆ 2959.15. ಅಮೆರಿಕದಲ್ಲಿ ಲೀಮನ್ ಬ್ರದರ್ಸ್ ಮುಳುಗಿ ಪ್ರಪಂಚದ ಮಾರುಕಟ್ಟೆಗಳೆಲ್ಲ ಕುಸಿದ ವರ್ಷ ಅದು. 2009ರ ಕೊನೆಗೆ ನಿಫ್ಟಿ 5201.05. 2010ರ ಕೊನೆಗೆ 6134.50. ಮೊದಲ ಅಂಕಿ ಮತ್ತು ಕೊನೆ ಅಂಕಿ ನೋಡಿ: ವ್ಯತ್ಯಾಸ ಬರೀ ನಾಲ್ಕು ಪಾಯಿಂಟ್. ಮೂರು ವರ್ಷದಲ್ಲಿ ಸೂಚ್ಯಂಕ ಪಾತಾಳಕ್ಕೆ ಹೋಗಿ ಹೊರಟ ಜಾಗಕ್ಕೇ ವಾಪಸ್ ಬಂದಿದೆ. ಸುಮ್ಮನೆ ಕೂತವನಿಗೆ ಏನೂ ಆಗಿಲ್ಲ.

ಈಗ 2007ರ ಕೊನೆಗೆ ನಿವೃತ್ತರಾದ ಒಬ್ಬರನ್ನ ಕಲ್ಪಿಸಿಕೊಳ್ಳಿ. ಹೆಸರು ಬೇಡ, ಯಾರದ್ದೋ ಮಾವ ಅಂತ ಇಟ್ಕೊಳ್ಳೋಣ. ಮೂವತ್ತು ಲಕ್ಷ ರೂಪಾಯಿಯನ್ನ ನಿಫ್ಟಿಯನ್ನೇ ಅನುಸರಿಸುವ ಒಂದು ಫಂಡ್‌ನಲ್ಲಿ ಹಾಕಿದ್ದಾರೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಎನ್‌ಎವಿ ಅಂದ್ರೆ ನಿಫ್ಟಿಯ ನೂರನೇ ಒಂದು ಭಾಗ, 61.386 ರೂಪಾಯಿ. ತಿಂಗಳಿಗೆ ಇಪ್ಪತ್ತು ಸಾವಿರ ಬೇಕು, ವರ್ಷಕ್ಕೆ 2.4 ಲಕ್ಷ. ಅಂದ್ರೆ ಹಾಕಿದ ದುಡ್ಡಿನ ಶೇಕಡಾ 8. ರೀಲ್‌ನ ಶೇಕಡಾ 12ರ ಮುಂದೆ ಇದು ಎಷ್ಟೋ ಸಭ್ಯ ಅಂಕಿ. ತಿಂಗಳು ತಿಂಗಳು ಲೆಕ್ಕ ಮಾಡೋ ಬದಲು ವರ್ಷದ ಕೊನೆಗೆ ಒಂದೇ ಸಲ ತೆಗೆದರು ಅಂತ ಇಟ್ಕೊಂಡರೆ ನಾಲ್ಕೈದು ಸಾಲಿನ ಕೋಡ್ ಸಾಕು:

```python
nav = [29.5915, 52.0105, 61.345]
units = 3000000 / 61.386
for n in nav:
    units = units - 240000 / n
    print(round(units), round(units * n))
```

ಶುರುವಲ್ಲಿ ಮಾವನ ಹತ್ರ 48,871 ಯೂನಿಟ್. 2008ರ ಕೊನೆಗೆ ಒಂದು ಯೂನಿಟ್‌ಗೆ ಮೂವತ್ತು ರೂಪಾಯಿಯೂ ಇಲ್ಲ, ಹಾಗಾಗಿ 2.4 ಲಕ್ಷಕ್ಕೆ 8,110 ಯೂನಿಟ್ ಮಾರಬೇಕಾಯ್ತು. ಬೆಲೆ ಹಳೇ ಮಟ್ಟದಲ್ಲೇ ಇದ್ದಿದ್ದರೆ 3,910 ಸಾಕಿತ್ತು. 2009ರಲ್ಲಿ 4,614 ಹೋಯ್ತು, 2010ರಲ್ಲಿ 3,912. ಮೂರು ವರ್ಷ ಆದಮೇಲೆ ಉಳಿದದ್ದು 32,234 ಯೂನಿಟ್, ಬೆಲೆ 19.77 ಲಕ್ಷ.

ಈ 19.77ರ ಮೇಲೆ ಸ್ವಲ್ಪ ಹೊತ್ತು ಕೂರೋಣ. ಮಾವ ತಗೊಂಡದ್ದು ಒಟ್ಟು 7.2 ಲಕ್ಷ. ಮೂವತ್ತರಲ್ಲಿ 7.2 ಹೋದರೆ 22.8 ಉಳಿಯಬೇಕಿತ್ತು. ಸೂಚ್ಯಂಕ ಹೊರಟ ಜಾಗಕ್ಕೇ ಬಂದಿದೆ, ಅಂದ್ರೆ ಮಾರುಕಟ್ಟೆ ಏನೂ ಕೊಟ್ಟಿಲ್ಲ, ಏನೂ ಕಿತ್ಕೊಂಡಿಲ್ಲ. ಆದರೂ ಮೂರು ಲಕ್ಷ ಕಾಣೆ. ಆ ಮೂರು ಲಕ್ಷವನ್ನ ಯಾರೂ ಕದ್ದಿಲ್ಲ, ಯಾರೂ ಕಮಿಷನ್ ಹೊಡೆದಿಲ್ಲ. ಅಗ್ಗದಲ್ಲಿ ಮಾರಿದ ಯೂನಿಟ್‌ಗಳು ಬೆಲೆ ಏರಿದಾಗ ಮಾವನ ಖಾತೆಯಲ್ಲಿ ಇರಲಿಲ್ಲ, ಅಷ್ಟೇ. ಬ್ಯಾಂಕಿಗೆ ಮಾತ್ರ ತಪ್ಪದೆ ದುಡ್ಡು ಬರ್ತಾ ಇತ್ತು. ಇದೇ ಇದರ ಅಪಾಯ: ಗಂಟು ಕರಗುವ ಶಬ್ದ ಕೇಳಿಸೋದೇ ಇಲ್ಲ.

ಈಗ ಒಂದು ಆಟ ಆಡಿ. ಅದೇ ಮೂರು ವರ್ಷಗಳನ್ನ ಉಲ್ಟಾ ಕ್ರಮದಲ್ಲಿ ಜೋಡಿಸಿ: ಮೊದಲು 2010ರ ಏರಿಕೆ, ಆಮೇಲೆ 2009ರ ಏರಿಕೆ, ಕೊನೆಗೆ 2008ರ ಕುಸಿತ. ಎನ್‌ಎವಿ ಮೊದಲು 72.403 ಆಗುತ್ತೆ, ಆಮೇಲೆ 127.257, ಕೊನೆಗೆ ಬಿದ್ದು ಮತ್ತೆ ಅದೇ 61.345. ಕೋಡ್‌ನ ಮೊದಲ ಸಾಲಲ್ಲಿ ಈ ಮೂರು ಅಂಕಿ ಹಾಕಿ ಓಡಿಸಿ. ಮೂರೂ ವರ್ಷ ಸೇರಿ ಮಾರಿದ್ದು ಬರೀ 9,113 ಯೂನಿಟ್. ಉಳಿದದ್ದು 24.39 ಲಕ್ಷ. ವರ್ಷಗಳು ಅವೇ, ಸರಾಸರಿ ಅದೇ, ತೆಗೆದ ದುಡ್ಡು ಅದೇ. ಕ್ರಮ ಬದಲಾಗಿದ್ದಕ್ಕೆ 4.6 ಲಕ್ಷ ವ್ಯತ್ಯಾಸ. ದುಡ್ಡು ತೆಗೆಯದೆ ಸುಮ್ಮನೆ ಇಟ್ಟವನಿಗೆ ಕ್ರಮ ಯಾವುದಾದರೂ ಒಂದೇ, ಯಾಕಂದ್ರೆ ಗುಣಾಕಾರದಲ್ಲಿ ಯಾವ ಸಂಖ್ಯೆ ಮೊದಲು ಬಂದರೂ ಉತ್ತರ ಬದಲಾಗಲ್ಲ. ನಡುವೆ ಪ್ರತಿ ವರ್ಷ ಒಂದು ವ್ಯವಕಲನ ಸೇರಿಸಿದ ಕೂಡಲೇ ಆ ನಿಯಮ ಮುರಿಯುತ್ತೆ. ಪ್ರೈಮರಿ ಶಾಲೆ ಗಣಿತ ಇದು. ಆದರೂ ಆ್ಯಪ್‌ಗಳಲ್ಲಿರುವ ಸಾಮಾನ್ಯ ಎಸ್‌ಡಬ್ಲ್ಯೂಪಿ ಕ್ಯಾಲ್ಕುಲೇಟರ್ ಇದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಅದು ಕೇಳೋದು 'ನಿರೀಕ್ಷಿತ ವಾರ್ಷಿಕ ಲಾಭ ಎಷ್ಟು' ಅಂತ ಒಂದೇ ಒಂದು ಅಂಕಿ, ಪ್ರತಿ ವರ್ಷ ಅಷ್ಟೇ ಬರುತ್ತೆ ಅನ್ನೋ ನಂಬಿಕೆ ಮೇಲೆ. ನಮ್ಮ ಸೆಮಿಸ್ಟರ್ ಅಂಕಗಳೇ ಪ್ರತಿ ಸಲ ಒಂದೇ ಬರಲ್ಲ.

ಮೂರು ವರ್ಷ ಬಹಳ ಕಮ್ಮಿ, ಷೇರು ಅಂದಮೇಲೆ ಹತ್ತು ವರ್ಷ ನೋಡಬೇಕು ಅಂತ ಯಾರಾದರೂ ಹೇಳಬಹುದು. ಸರಿ, ಮುಂದುವರಿಸೋಣ. 2017ರ ಕೊನೆಗೆ ನಿಫ್ಟಿ 10530.70. ಹತ್ತು ವರ್ಷದಲ್ಲಿ ಶೇಕಡಾ 71ರಷ್ಟು ಏರಿಕೆ, ವರ್ಷಕ್ಕೆ ಸರಾಸರಿ ಸುಮಾರು 5.5. ಕ್ಯಾಲ್ಕುಲೇಟರ್‌ನಲ್ಲಿ ರೀಲ್‌ನವರು ಹೇಳುವ 12 ಹಾಕಿದರೆ, ಹತ್ತು ವರ್ಷ ಇಪ್ಪತ್ತು ಸಾವಿರದಂತೆ ತೆಗೆದಮೇಲೂ ಮೂವತ್ತು ಲಕ್ಷ ಬೆಳೆದು ಐವತ್ತು ದಾಟುತ್ತೆ. ನಿಜವಾದ ಸರಾಸರಿ 5.5 ಹಾಕಿದರೆ ಸುಮಾರು 20.3 ಲಕ್ಷ ಉಳಿಯುತ್ತೆ ಅನ್ನುತ್ತೆ. ನಿಜವಾದ ವರ್ಷಗಳನ್ನ ನಿಜವಾದ ಕ್ರಮದಲ್ಲಿ ಹಾಕಿದರೆ ಮಾವನ ಹತ್ರ ಉಳಿಯೋದು 8.47 ಲಕ್ಷ. ಸರಾಸರಿ ಸರಿಯಾಗಿಯೇ ಹೇಳಿದರೂ ಕ್ಯಾಲ್ಕುಲೇಟರ್ ಹನ್ನೆರಡು ಲಕ್ಷ ತಪ್ಪು ಹೇಳಿತು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಾವು ಬಳಸಿರೋದು ನಿಫ್ಟಿಯ ಬರೀ ಬೆಲೆಯ ಅಂಕಿ. ಕಂಪನಿಗಳು ಕೊಡುವ ಡಿವಿಡೆಂಡ್ ಇದರಲ್ಲಿ ಸೇರಿಲ್ಲ. ಫಂಡ್‌ನಲ್ಲಿ ಅದು ಸೇರುತ್ತೆ, ಹಾಗಾಗಿ ನಿಜವಾದ ಮಾವನಿಗೆ ಇದಕ್ಕಿಂತ ಸ್ವಲ್ಪ ಹೆಚ್ಚು ಉಳಿದಿರುತ್ತಿತ್ತು. ಫಂಡ್‌ನ ಖರ್ಚು ಅದರಲ್ಲಿ ಒಂದಿಷ್ಟು ತಿಂದಿರುತ್ತಿತ್ತು. ಮತ್ತೆ 2007ರ ಕೊನೆ ಅಂದ್ರೆ ಶುರು ಮಾಡೋಕೆ ತೀರಾ ಕೆಟ್ಟ ಮುಹೂರ್ತ, ಅದನ್ನ ನಾವು ಬೇಕಂತಲೇ ಆರಿಸಿದ್ದು. 2008ರ ಕೊನೆಗೆ ನಿವೃತ್ತರಾದವರು ಇದೇ ಪ್ಲಾನ್‌ನಲ್ಲಿ ಆರಾಮಾಗಿ ಇದ್ದಿರುತ್ತಾರೆ. ಆದರೆ ನಿವೃತ್ತಿಯ ದಿನಾಂಕ ನಿರ್ಧಾರ ಮಾಡೋದು ಜನ್ಮ ದಿನಾಂಕ, ಮಾರುಕಟ್ಟೆ ಅಲ್ಲ. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಅಣ್ಣ ತಮ್ಮಂದಿರಲ್ಲಿ ಒಬ್ಬರ ಮುಪ್ಪು ಚೆನ್ನಾಗಿ, ಇನ್ನೊಬ್ಬರದ್ದು ಕಷ್ಟದಲ್ಲಿ ಅಂದ್ರೆ ಅದನ್ನ 'ಖಚಿತ ಮಾಸಿಕ ಆದಾಯ' ಅಂತ ಕರೆಯೋಕೆ ಬಾಯಿ ಹೇಗೆ ಬರುತ್ತೆ?

ಹಾಗಾದರೆ ಏನು ಮಾಡಬೇಕಿತ್ತು? ಮೊದಲ ಉತ್ತರ ಬಹಳ ಬೋರಿಂಗ್: ಕಮ್ಮಿ ತೆಗೆಯಬೇಕಿತ್ತು. ಎಷ್ಟು ಕಮ್ಮಿ ಅನ್ನೋದು ಮಾತ್ರ ಕುತೂಹಲದ ವಿಷಯ. ಅದೇ ಮಾವ, ಅದೇ ಕೆಟ್ಟ ಮುಹೂರ್ತ, ಅದೇ ಹತ್ತು ವರ್ಷ. ತಿಂಗಳಿಗೆ ಇಪ್ಪತ್ತು ಸಾವಿರದ ಬದಲು ಹತ್ತು ಸಾವಿರ ತೆಗೆದಿದ್ದರೆ, ಅಂದ್ರೆ ಶೇಕಡಾ 8ರ ಬದಲು 4, ಹತ್ತು ವರ್ಷ ಆದಮೇಲೆ ಉಳಿಯುತ್ತಿದ್ದದ್ದು 29.97 ಲಕ್ಷ. ಹೆಚ್ಚು ಕಮ್ಮಿ ಹಾಕಿದಷ್ಟೇ. ನಮಗೂ ಮೊದಲು ನಂಬೋಕೆ ಆಗಲಿಲ್ಲ, ಎರಡು ಸಲ ಓಡಿಸಿ ನೋಡಿದ್ವಿ. ತೆಗೆಯೋದು ಅರ್ಧ ಆದರೆ ಉಳಿಯೋದು ಎರಡರಷ್ಟಲ್ಲ, ಮೂರೂವರೆ ಪಟ್ಟು. ಕಾರಣ ಸರಳ. ಅರ್ಧ ದುಡ್ಡು ತೆಗೆದರೆ ಪ್ರತಿ ವರ್ಷ ಮಾರುವ ಯೂನಿಟ್ ಸರಿಯಾಗಿ ಅರ್ಧ. ಇಪ್ಪತ್ತು ಸಾವಿರದ ಪ್ಲಾನ್‌ನಲ್ಲಿ 48,871ರಲ್ಲಿ 40,827 ಯೂನಿಟ್ ಹೋಗಿ ಎಂಟು ಸಾವಿರ ಚಿಲ್ಲರೆ ಉಳಿದಿತ್ತು. ಹತ್ತು ಸಾವಿರದ ಪ್ಲಾನ್‌ನಲ್ಲಿ 20,414 ಹೋಗಿ ಇಪ್ಪತ್ತೆಂಟು ಸಾವಿರ ಚಿಲ್ಲರೆ ಉಳಿಯಿತು.

ಈ ನಾಲ್ಕು ಅನ್ನೋ ಅಂಕಿಗೆ ಒಂದು ಹಿನ್ನೆಲೆ ಇದೆ. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅಲ್ಲಿನ ಷೇರು ಮತ್ತು ಬಾಂಡ್‌ಗಳ ಹಳೇ ಅಂಕಿ ಅಂಶ ಹಿಡಿದು, ಮೂವತ್ತು ವರ್ಷ ಗಂಟು ಖಾಲಿ ಆಗದ ಹಾಗೆ ಮೊದಲ ವರ್ಷ ಎಷ್ಟು ತೆಗೆಯಬಹುದು, ಆಮೇಲೆ ಬೆಲೆಯೇರಿಕೆಗೆ ತಕ್ಕ ಹಾಗೆ ಹೆಚ್ಚಿಸಿಕೊಂಡು ಹೋಗಬಹುದು ಅಂತ ಲೆಕ್ಕ ಹಾಕಿದರು. ಸುಮಾರು ನಾಲ್ಕು ಅಂತ ಉತ್ತರ ಬಂತು. ಅದು ಅಮೆರಿಕದ ಮಾರುಕಟ್ಟೆ, ಅಮೆರಿಕದ ಬೆಲೆಯೇರಿಕೆ. ಅದನ್ನ ತಂದು ನಮ್ಮ ಮನೆ ಗೋಡೆಗೆ ಅಂಟಿಸೋದು ಸರಿ ಅಲ್ಲ ಅಂತ ನಮ್ಮ ಅನಿಸಿಕೆ. ನಮ್ಮ ಮಾವನ ಹತ್ತು ಸಾವಿರ ಹತ್ತೂ ವರ್ಷ ಹತ್ತು ಸಾವಿರವೇ ಆಗಿತ್ತು ಅನ್ನೋದು ನೆನಪಿಡಿ. ಬೆಲೆಯೇರಿಕೆ ವರ್ಷಕ್ಕೆ ಶೇಕಡಾ 6 ಅಂತ ಹಿಡಿದರೂ, ಇವತ್ತು ಹತ್ತು ಸಾವಿರಕ್ಕೆ ಬರುವ ಸಾಮಾನಿಗೆ ಹನ್ನೆರಡು ವರ್ಷದ ಮೇಲೆ ಇಪ್ಪತ್ತು ಸಾವಿರ ಬೇಕು. ಆದರೂ ಆ ಅಧ್ಯಯನದಿಂದ ಒಂದು ವಿಷಯ ಕಲಿಯಬಹುದು. ಸರಾಸರಿ ಲಾಭ ಎಷ್ಟೋ ಅಷ್ಟು ತೆಗೆಯಬಹುದು ಅಂತ ಅವರು ಹೇಳಲಿಲ್ಲ. ತೀರಾ ಕೆಟ್ಟ ವರ್ಷದಲ್ಲಿ ಶುರು ಮಾಡಿದವರು ಎಷ್ಟು ತೆಗೆದು ಬದುಕಬಹುದು ಅಂತ ನೋಡಿದರು. ಸೇತುವೆ ಡಿಸೈನ್ ಮಾಡುವಾಗ ಸರಾಸರಿ ದಿನದ ಲೋಡ್‌ಗೆ ಮಾಡ್ತೀವಾ? ನಮ್ಮ ಸಿವಿಲ್‌ನವರನ್ನ ಕೇಳಿ.

ಗಂಟು ಕರಗ್ತಾ ಇದೆ ಅಂತ ಮೊದಲೇ ತಿಳಿಯೋದು ಹೇಗೆ ಅನ್ನೋದು ಇದಕ್ಕಿಂತ ಮುಖ್ಯ. ಬ್ಯಾಂಕ್ ಪಾಸ್‌ಬುಕ್ ನೋಡಿದರೆ ತಿಳಿಯಲ್ಲ, ಅದರಲ್ಲಿ ಪ್ರತಿ ತಿಂಗಳು ಇಪ್ಪತ್ತು ಸಾವಿರ ಜಮಾ ಅಂತಲೇ ಇರುತ್ತೆ. ಫಂಡ್‌ನ ಸ್ಟೇಟ್‌ಮೆಂಟ್ ತೆಗೆಯಬೇಕು. ಅದರಲ್ಲಿ ಎಲ್ಲರೂ ನೋಡೋದು ಒಟ್ಟು ಮೌಲ್ಯ. ನಾವು ನೋಡಿ ಅನ್ನೋದು ಉಳಿದ ಯೂನಿಟ್‌ಗಳ ಸಂಖ್ಯೆ. ಎಸ್‌ಡಬ್ಲ್ಯೂಪಿ ಇರುವ ತನಕ ಅದು ಇಳಿಯಲೇಬೇಕು, ಅದರಲ್ಲಿ ಗಾಬರಿ ಇಲ್ಲ. ಇಳಿಯುವ ವೇಗ ಹೆಚ್ಚಾಗ್ತಿದೆಯಾ ಅನ್ನೋದು ಪ್ರಶ್ನೆ. ಇನ್ನೊಂದು ಲೆಕ್ಕ ಇನ್ನೂ ಸುಲಭ: ಒಂದು ವರ್ಷಕ್ಕೆ ತೆಗೆಯುವ ದುಡ್ಡನ್ನ ಇವತ್ತಿನ ಮೌಲ್ಯದಿಂದ ಭಾಗಿಸಿ. ಶುರುವಲ್ಲಿ ಹಾಕಿದ ಮೂವತ್ತು ಲಕ್ಷದಿಂದ ಅಲ್ಲ, ಇವತ್ತು ಉಳಿದಿರೋದರಿಂದ. ಮಾವನ ಖಾತೆಯಲ್ಲಿ 2008ರ ಕೊನೆಗೆ 12.06 ಲಕ್ಷ ಇತ್ತು. 2.4ನ್ನ 12.06ರಿಂದ ಭಾಗಿಸಿದರೆ ಶೇಕಡಾ 20 ಹತ್ತಿರ. ಅವರು ಏನನ್ನೂ ಬದಲಾಯಿಸಿಲ್ಲ, ಒಂದು ರೂಪಾಯಿ ಹೆಚ್ಚು ಕೇಳಿಲ್ಲ, ಆದರೂ ಶೇಕಡಾ 8 ಇದ್ದದ್ದು ಒಂದೇ ವರ್ಷದಲ್ಲಿ 20 ಆಗಿದೆ. ಗಂಟಿನ ಐದನೇ ಒಂದು ಭಾಗವನ್ನ ವರ್ಷ ವರ್ಷ ತಿಂದರೆ ಯಾವ ಮಾರುಕಟ್ಟೆಯೂ ಕಾಪಾಡಲ್ಲ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನೋ ಗಾದೆಯನ್ನ ನಮ್ಮ ಅಜ್ಜಿಯರು ಸೋಮಾರಿಗಳಿಗೆ ಹೇಳ್ತಿದ್ರು. ಮೂವತ್ತೈದು ವರ್ಷ ದುಡಿದವರಿಗೂ ಅದು ಅನ್ವಯ ಆಗುತ್ತೆ ಅನ್ನೋದೇ ಬೇಜಾರು.

ಆ ಅಂಕಿ ಏರಿದಾಗ ಏನು ಮಾಡೋದು? ಎಸ್‌ಡಬ್ಲ್ಯೂಪಿಯನ್ನ ಯಾವಾಗ ಬೇಕಾದರೂ ನಿಲ್ಲಿಸಬಹುದು, ಮೊತ್ತ ಇಳಿಸಿ ಹೊಸದಾಗಿ ಹಾಕಬಹುದು. ಕಷ್ಟ ಇರೋದು ಅದರಲ್ಲಲ್ಲ. ನಿಲ್ಲಿಸಿದ ತಿಂಗಳು ಅಕ್ಕಿ ತರೋಕೆ ದುಡ್ಡು ಎಲ್ಲಿಂದ? ಅದಕ್ಕೇ ಮೊದಲ ದಿನವೇ ಗಂಟನ್ನ ಎರಡು ಮಾಡಬೇಕು. ಎರಡು ವರ್ಷದ ಖರ್ಚು, ಮಾವನ ವಿಷಯದಲ್ಲಿ 4.8 ಲಕ್ಷ, ಎಫ್‌ಡಿಯಲ್ಲಿ ಇಲ್ಲ ಅಷ್ಟೇ ಏರಿಳಿತ ಕಮ್ಮಿ ಇರುವ ಕಡೆ. ಉಳಿದ 25.2 ಲಕ್ಷ ಷೇರು ಫಂಡ್‌ನಲ್ಲಿ. 2008 ಮತ್ತು 2009ರಲ್ಲಿ ಫಂಡ್ ಮುಟ್ಟದೆ ಎಫ್‌ಡಿಯಿಂದ ತೆಗೆದು, 2010ರಲ್ಲಿ ಮಾತ್ರ ಫಂಡ್‌ನಿಂದ ತೆಗೆದಿದ್ದರೆ ಮೂರು ವರ್ಷದ ಕೊನೆಗೆ 22.78 ಲಕ್ಷ ಉಳಿಯುತ್ತಿತ್ತು. ಕಾಣೆಯಾಗಿದ್ದ ಮೂರು ಲಕ್ಷ ವಾಪಸ್, ಎಫ್‌ಡಿ ಬಡ್ಡಿ ಬೇರೆ. ಇದಕ್ಕೂ ಮಿತಿ ಇದೆ. 2010ಕ್ಕೆ ಆ ಎಫ್‌ಡಿ ಖಾಲಿ, ಅದನ್ನ ಮತ್ತೆ ತುಂಬಿಸಬೇಕಾದದ್ದು ಇದೇ ಫಂಡ್‌ನಿಂದ. 2011ರಲ್ಲಿ ನಿಫ್ಟಿ ಮತ್ತೆ ಶೇಕಡಾ 25ರಷ್ಟು ಬಿತ್ತು. 2010ರ ಕೊನೆಗೆ, ಬೆಲೆ ಚೆನ್ನಾಗಿದ್ದಾಗಲೇ ತುಂಬಿಸಿಟ್ಟವರು ಬಚಾವ್. ಇನ್ನೂ ಏರಲಿ ಅಂತ ಕಾದವರು ಮತ್ತೆ ಅಗ್ಗದಲ್ಲಿ ಮಾರಿದರು.

ಎಸ್‌ಡಬ್ಲ್ಯೂಪಿ ಪರವಾಗಿ ಹೇಳೋದೂ ಇದೆ, ಅದನ್ನ ಬಿಟ್ಟರೆ ನಾವೂ ರೀಲ್‌ನವರ ಹಾಗೇ ಆಗ್ತೀವಿ. ತೆರಿಗೆಯಲ್ಲಿ ಅದು ಗೆಲ್ಲುತ್ತೆ. ಎಫ್‌ಡಿಯಲ್ಲಿ ಇಪ್ಪತ್ತು ಸಾವಿರ ಬಡ್ಡಿ ಬಂದರೆ ಅಷ್ಟೂ ಆದಾಯ. ಫಂಡ್‌ನಿಂದ ಇಪ್ಪತ್ತು ಸಾವಿರ ತೆಗೆದರೆ ಅದರಲ್ಲಿ ಲಾಭದ ಭಾಗಕ್ಕೆ ಮಾತ್ರ ತೆರಿಗೆ. 61 ರೂಪಾಯಿಗೆ ಕೊಂಡ ಯೂನಿಟ್ಟನ್ನ 83ಕ್ಕೆ ಮಾರಿದರೆ ಆ ಇಪ್ಪತ್ತು ಸಾವಿರದಲ್ಲಿ ಲಾಭ ಐದು ಸಾವಿರ ಚಿಲ್ಲರೆ. ಷೇರು ಫಂಡ್‌ನಲ್ಲಿ ಒಂದು ವರ್ಷ ದಾಟಿದ ಯೂನಿಟ್‌ಗಳ ಲಾಭ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲೆ ಶೇಕಡಾ 12.5. ಇದು 2024ರ ಜುಲೈನಿಂದ ಇರುವ ನಿಯಮ. ಆದರೆ ತೆರಿಗೆ ಕಮ್ಮಿ ಯಾಕೆ ಅಂತ ಯೋಚಿಸಿ. ಬಂದ ದುಡ್ಡಿನಲ್ಲಿ ಬಹುಪಾಲು ನಿಮ್ಮದೇ ಅಸಲು ಅಂತ ತೆರಿಗೆ ಇಲಾಖೆ ಒಪ್ಪಿಕೊಂಡಿದೆ, ಅದಕ್ಕೆ. ಮಾರುವವರು ಒಂದೇ ಉಸಿರಲ್ಲಿ 'ಇದು ಆದಾಯ' ಅಂತಲೂ 'ಇದಕ್ಕೆ ತೆರಿಗೆ ಇಲ್ಲ' ಅಂತಲೂ ಹೇಳ್ತಾರೆ.

ಇಲ್ಲಿ ಸೆಬಿ ಮಾಡಿದ ಒಂದು ಕೆಲಸ ನಮಗೆ ಇಷ್ಟ. ಮ್ಯೂಚುವಲ್ ಫಂಡ್‌ಗಳಲ್ಲಿ ಮೊದಲು 'ಡಿವಿಡೆಂಡ್' ಅಂತ ಒಂದು ಆಯ್ಕೆ ಇತ್ತು. ಜನ ಅದನ್ನ ಮೇಲಿನ ಲಾಭ ಅಂದ್ಕೊಂಡಿದ್ರು, ಆದರೆ ಕೊಟ್ಟಷ್ಟು ಎನ್‌ಎವಿ ಇಳಿಯುತ್ತಿತ್ತು. ಅವರದ್ದೇ ದುಡ್ಡು ಅವರಿಗೇ ಬರ್ತಿತ್ತು. 2021ರ ಏಪ್ರಿಲ್ 1ರಿಂದ ಸೆಬಿ ಅದರ ಹೆಸರನ್ನೇ ಬದಲಾಯಿಸಿತು. ಈಗ ಅದು 'ಇನ್‌ಕಮ್ ಡಿಸ್ಟ್ರಿಬ್ಯೂಷನ್ ಕಮ್ ಕ್ಯಾಪಿಟಲ್ ವಿತ್‌ಡ್ರಾವಲ್'. ಹೇಳೋಕೆ ನಾಲಿಗೆ ಹೊರಳಲ್ಲ, ಆದರೆ ಅಸಲು ಹೋಗ್ತಿದೆ ಅಂತ ಹೆಸರಲ್ಲೇ ಇದೆ. ಎಸ್‌ಡಬ್ಲ್ಯೂಪಿಗೂ ಅಂಥದ್ದೊಂದು ಬೇಕು ಅಂತ ನಮ್ಮ ವಾದ. ಹೆಸರು ಬದಲಾಗದಿದ್ದರೂ ಪರವಾಗಿಲ್ಲ. ಪ್ರತಿ ತಿಂಗಳು ದುಡ್ಡು ಜಮಾ ಆದಾಗ ಬರುವ ಮೆಸೇಜ್‌ನಲ್ಲಿ ಮೂರು ಅಂಕಿ ಸೇರಿಸಲಿ: ಈ ತಿಂಗಳು ಮಾರಿದ ಯೂನಿಟ್ ಎಷ್ಟು, ಉಳಿದದ್ದು ಎಷ್ಟು, ಈ ವೇಗದಲ್ಲಿ ವರ್ಷಕ್ಕೆ ಗಂಟಿನ ಶೇಕಡಾ ಎಷ್ಟು ಹೋಗ್ತಿದೆ. ಕ್ಯಾಲ್ಕುಲೇಟರ್‌ನಲ್ಲಿ '2008ರಲ್ಲಿ ಶುರು ಮಾಡಿದ್ದರೆ' ಅಂತ ಒಂದು ಬಟನ್ ಇಡಲಿ. ಎರಡನೇ ವರ್ಷದ ನಮಗೆ ಐದು ಸಾಲಲ್ಲಿ ಬರೆಯೋಕೆ ಆಗಿದ್ದು ಅವರ ಡೆವಲಪರ್‌ಗಳಿಗೆ ಆಗಲ್ಲ ಅಂತ ಯಾರೂ ನಂಬಲ್ಲ.

ಅದು ಬರುವ ತನಕ ಮನೆಯಿಂದ ಆ ಫೋನ್ ಬಂದರೆ, ಏಜೆಂಟ್ ಹತ್ರ ಕೇಳಿಸಬೇಕಾದ ಪ್ರಶ್ನೆ ಒಂದಿದೆ. ಲಾಭ ಎಷ್ಟು ಬರುತ್ತೆ ಅಂತ ಕೇಳಿದರೆ ಅವರ ಹತ್ರ ಉತ್ತರ ಸಿದ್ಧವಾಗಿರುತ್ತೆ. ಮೊದಲ ವರ್ಷವೇ ಮಾರುಕಟ್ಟೆ ಅರ್ಧಕ್ಕೆ ಬಿದ್ದರೆ, ಆ ವರ್ಷದ ಇಪ್ಪತ್ತು ಸಾವಿರ ಎಲ್ಲಿಂದ ತೆಗೆಯೋದು ಅಂತ ಕೇಳಿಸಿ. 'ಅದೇ ಫಂಡ್‌ನಿಂದ' ಅಂದರೆ, ಮೇಲಿನ ಕೋಡ್‌ನಲ್ಲಿ ಅವರು ಹೇಳಿದ ಅಂಕಿ ಹಾಕಿ ಓಡಿಸಿ, ಕೊನೆ ಸಾಲನ್ನ ಅಪ್ಪನಿಗೆ ಓದಿ ಹೇಳಿ.